ಮಾರ್ಕೋವ್ ಚೈನ್‌ನ ಸ್ಟೆಡಿ ಸ್ಟೇಟ್: ಹವಾಮಾನದ ಲೆಕ್ಕದಲ್ಲಿ ಐಗನ್‌ವೆಕ್ಟರ್ ಹುಡುಕುವುದು ಹೇಗೆ?

ಮಾರ್ಕೋವ್ ಚೈನ್‌ಗೆ ನೆನಪಿನ ಶಕ್ತಿ ತುಂಬಾ ಕಡಿಮೆ. ಇವತ್ತು ಬಿಸಿಲೋ, ಮೋಡವೋ, ಮಳೆಯೋ ಎಂದಷ್ಟೇ ಅದು ಕೇಳುತ್ತದೆ. ನಿನ್ನೆ ಮೊನ್ನೆಯ ಗೊಡವೆ ಅದಕ್ಕೆ ಬೇಡ. ಇವತ್ತಿನದು ಗೊತ್ತಾದರೆ ಸಾಕು, ನಾಳೆ ಏನಾಗಬಹುದು ಎಂಬುದಕ್ಕೆ ಮೂರು ಸಂಖ್ಯೆ ಕೊಡುತ್ತದೆ. ಅದರಿಂದ ನಾಡಿದ್ದಿನ ಲೆಕ್ಕ ಸಿಗುತ್ತದೆ, ಅದರಿಂದ ಅದರ ಮರುದಿನದ್ದು. ಹೀಗೇ ಮುಂದೆ ಹೋದರೆ ಒಂದು ಹಂತದಲ್ಲಿ ಸಂಖ್ಯೆಗಳು ಬದಲಾಗುವುದನ್ನೇ ನಿಲ್ಲಿಸುತ್ತವೆ. ಅದನ್ನೇ ಸ್ಟೆಡಿ ಸ್ಟೇಟ್ ಎನ್ನುತ್ತಾರೆ. ಅದನ್ನು ಕೈಯಲ್ಲಿ ಹೇಗೆ ಲೆಕ್ಕ ಹಾಕುವುದು, ಕಂಪ್ಯೂಟರ್‌ನಲ್ಲಿ ಹೇಗೆ, ಎಲ್ಲಿ ಎಡವುತ್ತೇವೆ ಎಂದು ಒಂದೇ ಉದಾಹರಣೆ ಹಿಡಿದು ನೋಡೋಣ. ಮ್ಯಾಟ್ರಿಕ್ಸ್ ಗುಣಾಕಾರ ಗೊತ್ತಿದ್ದರೆ ಸಾಕು.

ಮೊದಲ ಹೆಜ್ಜೆ: ಮ್ಯಾಟ್ರಿಕ್ಸ್ ಬರೆದುಕೊಳ್ಳಿ

ಮೂರು ಸ್ಥಿತಿಗಳಿವೆ: ಬಿಸಿಲು, ಮೋಡ, ಮಳೆ. ಪ್ರತಿ ಅಡ್ಡಸಾಲು 'ಇವತ್ತು', ಪ್ರತಿ ಕಂಬಸಾಲು 'ನಾಳೆ'. ಸಂಖ್ಯೆಗಳು ಲೆಕ್ಕಕ್ಕೆ ಸುಲಭವಾಗಲಿ ಎಂದು ನಾನೇ ಆರಿಸಿಕೊಂಡವು.

```
              ನಾಳೆ:   ಬಿಸಿಲು   ಮೋಡ   ಮಳೆ
ಇವತ್ತು ಬಿಸಿಲು          0.7     0.2    0.1
ಇವತ್ತು ಮೋಡ            0.3     0.4    0.3
ಇವತ್ತು ಮಳೆ            0.2     0.4    0.4
```

ಇದಕ್ಕೆ `P` ಎಂದು ಹೆಸರಿಡೋಣ. ಮುಂದೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ: ಪ್ರತಿ ಅಡ್ಡಸಾಲಿನ ಮೊತ್ತ 1 ಇರಬೇಕು. ನಾಳೆ ಈ ಮೂರರಲ್ಲಿ ಒಂದು ಆಗಲೇಬೇಕಲ್ವಾ? ಕಂಬಸಾಲಿನ ಮೊತ್ತ 1 ಆಗಬೇಕಿಲ್ಲ. ಇಲ್ಲಿ ಅದು 1.2, 1.0, 0.8. ಕೆಲವು ಪುಸ್ತಕಗಳು ಇದನ್ನು ತಿರುಗಿಸಿ, ಕಂಬಸಾಲನ್ನು 'ಇವತ್ತು' ಮಾಡಿಕೊಂಡು ಬರೆಯುತ್ತವೆ. ಎರಡೂ ಸರಿ, ಆದರೆ ಬೆರೆಸಿದರೆ ಉತ್ತರ ಕೆಡುತ್ತದೆ. ಯಾವ ದಿಕ್ಕಿನ ಮೊತ್ತ 1 ಎಂದು ನೋಡಿದರೆ ನಿಮ್ಮ ಮುಂದಿರುವ ಮ್ಯಾಟ್ರಿಕ್ಸ್ ಯಾವ ಪದ್ಧತಿಯದ್ದು ಎಂದು ತಿಳಿಯುತ್ತದೆ.

ಎರಡನೇ ಹೆಜ್ಜೆ: ಕೆಲವು ದಿನ ಮುಂದೆ ನಡೆಸಿ ನೋಡಿ

ಐಗನ್‌ವೆಕ್ಟರ್ ಅಂತ ಶುರು ಮಾಡುವ ಮೊದಲು ಸುಮ್ನೆ ಗುಣಿಸುತ್ತಾ ಹೋಗೋಣ. ಇವತ್ತು ಬಿಸಿಲು ಎಂದು ಖಚಿತವಾಗಿ ಗೊತ್ತಿದ್ದರೆ ವೆಕ್ಟರ್ `(1, 0, 0)`. ಅದನ್ನು `P`ಯಿಂದ ಗುಣಿಸಿದರೆ ನಾಳೆಯದು: `(0.7, 0.2, 0.1)`. ಅಂದರೆ ಮೊದಲ ಅಡ್ಡಸಾಲೇ.

ನಾಡಿದ್ದು ಬಿಸಿಲಿರುವ ಸಾಧ್ಯತೆ ಎಷ್ಟು? ಬಿಸಿಲಿಗೆ ಬರುವ ದಾರಿ ಮೂರು. ನಾಳೆ ಬಿಸಿಲಿದ್ದು ಹಾಗೇ ಉಳಿಯಬಹುದು, ಮೋಡವಿದ್ದು ಬಿಸಿಲಾಗಬಹುದು, ಮಳೆಯಿದ್ದು ಬಿಸಿಲಾಗಬಹುದು. ಮೂರನ್ನೂ ಕೂಡಿಸಿ:

`0.7×0.7 + 0.2×0.3 + 0.1×0.2 = 0.57`

ಹೀಗೇ ಮುಂದುವರಿಸಿದರೆ ಬಿಸಿಲಿನ ಸಂಖ್ಯೆ 1, 0.7, 0.57, 0.511, 0.4841 ಎಂದು ಇಳಿಯುತ್ತಾ ಹೋಗುತ್ತದೆ. ಈಗ ಮಳೆಯ ದಿನದಿಂದ, ಅಂದರೆ `(0, 0, 1)`ರಿಂದ ಶುರು ಮಾಡಿ. ಆಗ ಬಿಸಿಲಿನ ಸಂಖ್ಯೆ 0, 0.2, 0.34, 0.406, 0.4362 ಎಂದು ಏರುತ್ತದೆ. ಒಂದು ಮೇಲಿನಿಂದ ಇಳಿಯುತ್ತಿದೆ, ಇನ್ನೊಂದು ಕೆಳಗಿನಿಂದ ಏರುತ್ತಿದೆ. ಎರಡೂ 0.46ರ ಆಸುಪಾಸಿನಲ್ಲಿ ಸೇರುವಂತೆ ಕಾಣುತ್ತದೆ. ಎಲ್ಲಿಂದ ಹೊರಟರೂ ತಲುಪುವ ಜಾಗ ಒಂದೇ.

ಆ ಜಾಗ ತಲುಪಿದ ಮೇಲೆ ಇನ್ನೊಮ್ಮೆ ಗುಣಿಸಿದರೂ ಏನೂ ಬದಲಾಗಬಾರದು. ಆ ವೆಕ್ಟರನ್ನು `π` ಎಂದು ಕರೆದರೆ:

`πP = π`

ಐಗನ್‌ವೆಕ್ಟರ್ ಎಂದರೆ ಮ್ಯಾಟ್ರಿಕ್ಸ್‌ನಿಂದ ಗುಣಿಸಿದಾಗ ದಿಕ್ಕು ಬದಲಿಸದೆ, ಬರೀ ಒಂದು ಸಂಖ್ಯೆಯಷ್ಟು ಹಿಗ್ಗುವ ಅಥವಾ ಕುಗ್ಗುವ ವೆಕ್ಟರ್. ಆ ಸಂಖ್ಯೆ ಐಗನ್‌ವ್ಯಾಲ್ಯೂ. ಇಲ್ಲಿ `π` ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಾಗಾಗಿ ಅದು ಐಗನ್‌ವ್ಯಾಲ್ಯೂ 1 ಇರುವ ಐಗನ್‌ವೆಕ್ಟರ್.

ಆದರೆ 1 ಎಂಬ ಐಗನ್‌ವ್ಯಾಲ್ಯೂ ಇದ್ದೇ ಇರುತ್ತದೆ ಎಂದು ಏನು ಗ್ಯಾರಂಟಿ? ಅಡ್ಡಸಾಲಿನ ಮೊತ್ತ 1 ಎಂದೆವಲ್ಲ, ಗ್ಯಾರಂಟಿ ಅಲ್ಲೇ ಇದೆ. `P`ಯ ಬಲಗಡೆ `(1, 1, 1)` ಎಂಬ ಕಂಬ ವೆಕ್ಟರ್ ಇಟ್ಟು ಗುಣಿಸಿದರೆ ಪ್ರತಿ ಸಾಲಿನ ಮೊತ್ತ ಸಿಗುತ್ತದೆ, ಅಂದರೆ ಮತ್ತೆ `(1, 1, 1)`. ಸರಿ, 1 ಒಂದು ಐಗನ್‌ವ್ಯಾಲ್ಯೂ ಆಯಿತು. ಬಲಗಡೆಯಿಂದ ಗುಣಿಸಲಿ, ಎಡಗಡೆಯಿಂದ ಗುಣಿಸಲಿ, ಐಗನ್‌ವ್ಯಾಲ್ಯೂಗಳ ಪಟ್ಟಿ ಬದಲಾಗುವುದಿಲ್ಲ. ಬದಲಾಗುವುದು ವೆಕ್ಟರ್ ಮಾತ್ರ. ಬಲಗಡೆಯದ್ದು ಯಾವಾಗಲೂ ಈ `(1, 1, 1)`, ಅದರಲ್ಲಿ ಹವಾಮಾನದ ಸುದ್ದಿ ಏನೂ ಇಲ್ಲ. ನಮಗೆ ಬೇಕಾದ್ದು ಎಡಗಡೆಯದ್ದು.

ಮೂರನೇ ಹೆಜ್ಜೆ: ಕೈಯಲ್ಲಿ ಬಿಡಿಸಿ

`π = (s, c, r)` ಎಂದಿಟ್ಟುಕೊಳ್ಳಿ: ಬಿಸಿಲು, ಮೋಡ, ಮಳೆ. `πP = π` ಬಿಡಿಸಿ ಬರೆದರೆ ಮೂರು ಸಮೀಕರಣ ಬರುತ್ತವೆ. ಒಂದೇ ಅಕ್ಷರ ಇರುವ ಪದಗಳನ್ನು ಎಡಕ್ಕೆ ತಂದರೆ ಹೀಗೆ ಕಾಣುತ್ತವೆ:

```
0.3s = 0.3c + 0.2r
0.6c = 0.2s + 0.4r
0.6r = 0.1s + 0.3c
```

ಇವನ್ನು ಹೀಗೆ ಓದಿದರೆ ಅರ್ಥ ತಾನಾಗೇ ತೆರೆದುಕೊಳ್ಳುತ್ತದೆ. ಮೊದಲನೆಯದರ ಎಡಗಡೆ ಬಿಸಿಲು ಬಿಟ್ಟು ಹೋಗುವ ಪಾಲು: ಬಿಸಿಲಿನ ದಿನಗಳಲ್ಲಿ 0.7 ಅಲ್ಲೇ ಉಳಿಯುತ್ತದೆ, 0.3 ಹೊರಗೆ ಹೋಗುತ್ತದೆ. ಬಲಗಡೆ ಮೋಡದಿಂದ, ಮಳೆಯಿಂದ ಬಿಸಿಲಿಗೆ ಬರುವ ಪಾಲು. ಒಂದು ತೊಟ್ಟಿಗೆ ಬರುವ ನೀರೂ ಹೋಗುವ ನೀರೂ ಸಮ ಇದ್ದರೆ ಮಟ್ಟ ಹಾಗೇ ನಿಲ್ಲುತ್ತದೆ. ನೀರು ಹರಿಯುತ್ತಲೇ ಇರುತ್ತದೆ, ಮಟ್ಟ ಮಾತ್ರ ಅಲುಗುವುದಿಲ್ಲ. ಹವಾಮಾನ ದಿನಾ ಬದಲಾಗುತ್ತಲೇ ಇರುತ್ತದೆ, ಪಾಲು ಮಾತ್ರ ಬದಲಾಗುವುದಿಲ್ಲ.

ಮೂರು ಸಮೀಕರಣದಲ್ಲಿ ಒಂದು ಹೆಚ್ಚುವರಿ. ಯಾವುದೇ ಎರಡನ್ನು ಕೂಡಿಸಿದರೆ ಮೂರನೆಯದು ಸಿಗುತ್ತದೆ. ಹಾಗಾಗಿ ಇವುಗಳಿಂದ ಅನುಪಾತ ಮಾತ್ರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. ಸದ್ಯಕ್ಕೆ `r = 1` ಎಂದಿಡಿ. ಮೊದಲನೆಯದರಿಂದ `s = c + 2/3`. ಇದನ್ನು ಎರಡನೆಯದಕ್ಕೆ ಹಾಕಿದರೆ `c = 4/3`, ಆಮೇಲೆ `s = 2`. ಮೂರನೆಯದರಲ್ಲಿ ತಾಳೆ ನೋಡಿ: `0.1×2 + 0.3×4/3 = 0.6`. ಸರಿಹೋಯಿತು.

ಅನುಪಾತ `2 : 4/3 : 1`, ಅಂದರೆ `6 : 4 : 3`. ಮೊತ್ತ 13. ಎಲ್ಲವನ್ನೂ 13ರಿಂದ ಭಾಗಿಸಿದರೆ:

`π = (6/13, 4/13, 3/13) ≈ (0.4615, 0.3077, 0.2308)`

ದೀರ್ಘಕಾಲದಲ್ಲಿ 13 ದಿನಕ್ಕೆ ಸರಾಸರಿ 6 ದಿನ ಬಿಸಿಲು, 4 ದಿನ ಮೋಡ, 3 ದಿನ ಮಳೆ. ಇದನ್ನು ತಿರುಗಿಸಿದರೆ ಇನ್ನೊಂದು ಉಪಯೋಗದ ಸಂಖ್ಯೆ ಸಿಗುತ್ತದೆ: ಒಂದು ಮಳೆ ದಿನದಿಂದ ಮುಂದಿನ ಮಳೆ ದಿನಕ್ಕೆ ಸರಾಸರಿ ಅಂತರ 13/3, ಅಂದರೆ ನಾಲ್ಕು ದಿನಕ್ಕಿಂತ ಸ್ವಲ್ಪ ಜಾಸ್ತಿ.

ಎರಡೇ ಸ್ಥಿತಿ ಇದ್ದರೆ ಇಷ್ಟೂ ಬೇಕಿಲ್ಲ. ಒಂದಕ್ಕೆ ಬರುವ ಸಾಧ್ಯತೆಯನ್ನು, ಬರುವ ಮತ್ತು ಹೋಗುವ ಸಾಧ್ಯತೆಗಳ ಮೊತ್ತದಿಂದ ಭಾಗಿಸಿದರೆ ಸಾಕು. ಆಂದ್ರೇ ಮಾರ್ಕೋವ್ 1913ರಲ್ಲಿ ತೋರಿಸಿದ ಉದಾಹರಣೆಯೇ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅದು ಹವಾಮಾನವಲ್ಲ, ಕಾವ್ಯ. 'ಯೆವ್ಗೆನಿ ಒನೇಗಿನ್'ನ 20,000 ಅಕ್ಷರಗಳನ್ನು ಸ್ವರ, ವ್ಯಂಜನ ಎಂದು ಅವರು ಎಣಿಸಿದರು. ಸ್ವರದ ನಂತರ ಮತ್ತೆ ಸ್ವರ ಬರುವ ಪ್ರಮಾಣ 0.128, ವ್ಯಂಜನದ ನಂತರ ಸ್ವರ ಬರುವ ಪ್ರಮಾಣ 0.663. ಸ್ವರ ಬಿಟ್ಟು ಹೋಗುವುದು 0.872. ಈಗ `0.663 / (0.663 + 0.872)` ಲೆಕ್ಕ ಹಾಕಿ: 0.432. ಅವರು ಎಣಿಸಿದ ಸ್ವರಗಳ ಒಟ್ಟು ಪಾಲೂ ಅದೇ 0.432. ಇದು ಇಷ್ಟು ಸರಿಯಾಗಿ ಹೊಂದುವುದು ಕಾವ್ಯದ ಮಹಿಮೆಯಲ್ಲ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ನಾಲ್ಕನೇ ಹೆಜ್ಜೆ: ಕಂಪ್ಯೂಟರ್‌ಗೆ ಕೊಡಿ

ಸ್ಥಿತಿಗಳು ಮೂವತ್ತಾದರೆ ಕೈಯಲ್ಲಿ ಆಗುವ ಕೆಲಸವಲ್ಲ. ಪೈಥಾನ್‌ನಲ್ಲಿ ಇಷ್ಟು ಬರೆದರೆ ಸಾಕು:

```python
import numpy as np

P = np.array([[0.7, 0.2, 0.1],
              [0.3, 0.4, 0.3],
              [0.2, 0.4, 0.4]])

w, V = np.linalg.eig(P.T)
k = np.argmin(abs(w - 1))
v = V[:, k].real
pi = v / v.sum()

print(pi)
print(np.sort(abs(w)))
```

ನಾಲ್ಕೇ ಸಾಲಿನ ಲೆಕ್ಕ. ಆದರೆ ಅದರಲ್ಲಿ ಜಾರುವ ಜಾಗ ಮೂರಿವೆ.

`P.T` ಎಂದರೆ `P`ಯ ಟ್ರಾನ್ಸ್‌ಪೋಸ್, ಅಂದರೆ ಅಡ್ಡಸಾಲು ಕಂಬಸಾಲುಗಳನ್ನು ಅದಲುಬದಲು ಮಾಡಿದ್ದು. `eig` ಕೊಡುವುದು ಬಲಗಡೆಯದ್ದನ್ನು, ಹಾಗಾಗಿ ಎಡಗಡೆಯದ್ದು ಬೇಕೆಂದರೆ ಹೀಗೆ ತಿರುಗಿಸಿ ಕೊಡಬೇಕು. `P.T` ಬದಲು `P` ಎಂದೇ ಕೊಟ್ಟರೆ ಬಲಗಡೆಯ ಐಗನ್‌ವೆಕ್ಟರ್ ಬರುತ್ತದೆ. ಪ್ರೋಗ್ರಾಂ ದೂರು ಹೇಳುವುದಿಲ್ಲ, ಯಾವ ಎರರ್ರೂ ಇಲ್ಲ. ಉತ್ತರ `(0.333, 0.333, 0.333)`. ಮೂರೂ ಸಮ ಬಂದಿದ್ದು ನೋಡಿ 'ಆಹಾ, ಎಷ್ಟು ಸಮತೋಲನ' ಅಂತ ಖುಷಿಪಡಬೇಡಿ. ಅದು ಆ `(1, 1, 1)`, ಭಾಗಿಸಿಕೊಂಡು ಬಂದಿದೆ ಅಷ್ಟೇ. ಎಲ್ಲ ಸ್ಥಿತಿಗೂ ಒಂದೇ ಸಂಖ್ಯೆ ಬಂದರೆ ಮೊದಲು ಟ್ರಾನ್ಸ್‌ಪೋಸ್ ಹಾಕಿದ್ದೀರಾ ನೋಡಿ. ನಿಜವಾಗಿಯೂ ಸಮ ಬರುವುದು ಕಂಬಸಾಲುಗಳ ಮೊತ್ತವೂ 1 ಆಗಿದ್ದಾಗ ಮಾತ್ರ.

ಎರಡನೆಯದು `argmin` ಸಾಲು. `eig` ಐಗನ್‌ವ್ಯಾಲ್ಯೂಗಳನ್ನು ಯಾವುದೇ ಕ್ರಮದಲ್ಲಿ ಕೊಡಬಹುದು. 1 ಮೊದಲಿಗೇ ಬರುತ್ತದೆ ಎಂದು ನಂಬಿ `V[:, 0]` ತೆಗೆದುಕೊಂಡರೆ ಒಂದು ಮ್ಯಾಟ್ರಿಕ್ಸ್‌ಗೆ ಕೆಲಸ ಮಾಡಿ ಇನ್ನೊಂದಕ್ಕೆ ಕೈಕೊಡುತ್ತದೆ. ಈ ತಪ್ಪು ಮಾತ್ರ ಬೇಗ ಗೊತ್ತಾಗುತ್ತದೆ. ಐಗನ್‌ವ್ಯಾಲ್ಯೂ 1 ಅಲ್ಲದ ಪ್ರತಿ ಎಡ ಐಗನ್‌ವೆಕ್ಟರ್‌ನ ಮೊತ್ತ ಸೊನ್ನೆ. ಅದನ್ನು ಅದರ ಮೊತ್ತದಿಂದ ಭಾಗಿಸಲು ಹೋದರೆ ಸಾಮಾನ್ಯವಾಗಿ ವಿಪರೀತ ದೊಡ್ಡ ಸಂಖ್ಯೆಗಳು ಬರುತ್ತವೆ, ಕೆಲವು ಮೈನಸ್ ಕೂಡ. ಅಂಥದ್ದು ಕಂಡರೆ ತಪ್ಪು ಕಂಬ ಆರಿಸಿದ್ದೀರಿ ಎಂದರ್ಥ.

ಮೂರನೆಯದು ಭಾಗಾಕಾರ. `eig` ಕೊಡುವ ವೆಕ್ಟರ್‌ನ ಉದ್ದ 1 ಇರುತ್ತದೆ, ಮೊತ್ತ 1 ಅಲ್ಲ. ಇಲ್ಲಿ ಅದು `(0.768, 0.512, 0.384)`, ಅಥವಾ ಅದೇ ಸಂಖ್ಯೆಗಳು ಮೈನಸ್ ಚಿಹ್ನೆಯೊಂದಿಗೆ. ಮೈನಸ್ ನೋಡಿ ಗಾಬರಿಯಾಗಿ `abs` ಹಾಕುವವರಿದ್ದಾರೆ. ಬೇಕಿಲ್ಲ. ಮೊತ್ತದಿಂದ ಭಾಗಿಸಿದರೆ ಉದ್ದವೂ ಸರಿಹೋಗುತ್ತದೆ, ಚಿಹ್ನೆಯೂ ಸರಿಹೋಗುತ್ತದೆ. `abs` ಹಾಕಿದರೆ ನಷ್ಟವೇ ಜಾಸ್ತಿ, ಏಕೆಂದರೆ ತಪ್ಪು ಕಂಬ ಆರಿಸಿದ್ದರೆ ಅದು ಆ ತಪ್ಪನ್ನು ಮುಚ್ಚಿಹಾಕುತ್ತದೆ.

ಕೊನೆಗೆ `pi @ P` ಪ್ರಿಂಟ್ ಮಾಡಿ, `pi` ಜೊತೆ ಹೋಲಿಸಿ. `pi`ಯ ಮೊತ್ತ 1 ಇದೆಯೇ ಎಂದೂ ನೋಡಿ. ಈ ಎರಡು ಪರೀಕ್ಷೆ ಸೇರಿ ಮೇಲಿನ ತಪ್ಪುಗಳನ್ನೆಲ್ಲ ಹಿಡಿಯುತ್ತವೆ.

ಎಷ್ಟು ಬೇಗ ತಲುಪುತ್ತದೆ?

ಕೋಡ್‌ನ ಕೊನೆಯ ಸಾಲು ಸುಮ್ಮನೆ ಹಾಕಿದ್ದಲ್ಲ. ಅದು ಸುಮಾರು 0.044, 0.456, 1 ಎಂದು ತೋರಿಸುತ್ತದೆ. ನಡುವಿನ 0.456 ನನ್ನ ಪ್ರಕಾರ 1ಕ್ಕಿಂತ ಹೆಚ್ಚು ಸ್ವಾರಸ್ಯದ ಸಂಖ್ಯೆ.

ಬಿಸಿಲಿನಿಂದ ಹೊರಟಾಗ ಸಿಕ್ಕ ಸಂಖ್ಯೆಗಳಿಂದ 0.4615 ಕಳೆಯಿರಿ. ಅಂದರೆ ಪ್ರತಿ ದಿನ ಸ್ಟೆಡಿ ಸ್ಟೇಟ್‌ನಿಂದ ಎಷ್ಟು ದೂರ ಇದ್ದೆವು? ಮೊದಲ ದಿನ 0.2385, ಎರಡನೇ ದಿನ 0.1085, ಆಮೇಲೆ 0.0495, 0.0226. ಒಂದನ್ನು ಅದರ ಹಿಂದಿನದರಿಂದ ಭಾಗಿಸಿ ನೋಡಿ. 0.455, 0.456, 0.456. ಪ್ರತಿ ದಿನ ಉಳಿದ ದೂರ ಅರ್ಧಕ್ಕಿಂತ ಕೆಳಗೆ, ಸರಿಯಾಗಿ ಆ ಎರಡನೇ ಐಗನ್‌ವ್ಯಾಲ್ಯೂನಷ್ಟು ಪಾಲಿಗೆ ಇಳಿಯುತ್ತಿದೆ.

ಕಾರಣ ಇದು. ಯಾವ ಆರಂಭದ ವೆಕ್ಟರನ್ನಾದರೂ ಇಲ್ಲಿ `π` ಮತ್ತು ಉಳಿದ ಎರಡು ಐಗನ್‌ವೆಕ್ಟರ್‌ಗಳ ಮಿಶ್ರಣವಾಗಿ ಬರೆಯಬಹುದು. ಒಮ್ಮೆ ಗುಣಿಸಿದರೆ `π` ಹಾಗೇ ಉಳಿಯುತ್ತದೆ, ಇನ್ನೊಂದು 0.456ರಷ್ಟಾಗುತ್ತದೆ, ಮತ್ತೊಂದು 0.044ರಷ್ಟಾಗಿ ಬೇಗನೆ ಮಾಯವಾಗುತ್ತದೆ. ಹತ್ತು ದಿನ ಕಳೆದರೆ 0.456ರ ಹತ್ತನೇ ಘಾತ ಸುಮಾರು 0.0004. ಅಷ್ಟು ಹೊತ್ತಿಗೆ ಮೊದಲ ದಿನ ಬಿಸಿಲಿತ್ತೋ ಮಳೆಯಿತ್ತೋ ಎಂಬ ಗುರುತೇ ಉಳಿಯುವುದಿಲ್ಲ. ಈ ಸಂಖ್ಯೆ 0.99 ಆಗಿದ್ದರೆ ಹತ್ತು ದಿನದಲ್ಲಿ ದೂರ ಹತ್ತನೇ ಒಂದು ಭಾಗ ಕೂಡ ಸವೆಯುತ್ತಿರಲಿಲ್ಲ. ಆಗ `π` ಲೆಕ್ಕ ಸರಿಯಾಗಿದ್ದರೂ ಮುಂದಿನ ತಿಂಗಳ ಬಗ್ಗೆ ಮಾತಾಡಲು ಅದು ಪ್ರಯೋಜನಕ್ಕೆ ಬರುವುದಿಲ್ಲ.

ಲೆಕ್ಕ ಮುರಿದುಬೀಳುವ ಎರಡು ಸಂದರ್ಭ

ಇದಕ್ಕೆ ಹವಾಮಾನಕ್ಕಿಂತ ವೆಬ್ ಪುಟಗಳು ಒಳ್ಳೆಯ ಉದಾಹರಣೆ. ಪುಟದಿಂದ ಪುಟಕ್ಕೆ ಲಿಂಕ್ ಒತ್ತುತ್ತಾ ಹೋಗುವ ಒಬ್ಬರನ್ನು ಊಹಿಸಿಕೊಳ್ಳಿ. ಎರಡೇ ಪುಟ, ಒಂದರಿಂದ ಇನ್ನೊಂದಕ್ಕೆ ಮಾತ್ರ ಲಿಂಕ್. ಮ್ಯಾಟ್ರಿಕ್ಸ್ `[[0, 1], [1, 0]]`. ಐಗನ್‌ವೆಕ್ಟರ್ ಕೇಳಿದರೆ `(0.5, 0.5)` ಸಿಗುತ್ತದೆ, ತಪ್ಪೇನಿಲ್ಲ. ಆದರೆ ಗುಣಿಸುತ್ತಾ ಹೋದರೆ `(1, 0)`, `(0, 1)`, `(1, 0)` ಎಂದು ಕೊನೆಯವರೆಗೂ ಕುಣಿಯುತ್ತಲೇ ಇರುತ್ತದೆ. ಇನ್ನೊಂದು ಐಗನ್‌ವ್ಯಾಲ್ಯೂ -1, ಅದರ ಗಾತ್ರ 1, ಹಾಗಾಗಿ ಅದು ಕರಗುವುದೇ ಇಲ್ಲ. ಇಲ್ಲಿ `π` ಹೇಳುವುದು ದೀರ್ಘಕಾಲದ ಸರಾಸರಿಯನ್ನು ಮಾತ್ರ. ಇಂತಿಂಥ ಕ್ಲಿಕ್ ಆದಮೇಲೆ ಎಲ್ಲಿರುತ್ತಾರೆ ಎಂಬುದನ್ನಲ್ಲ.

ಇನ್ನೊಂದು ಸಂದರ್ಭದಲ್ಲಿ ಪುಟಗಳು ಎರಡು ಗುಂಪಾಗಿರುತ್ತವೆ, ಗುಂಪುಗಳ ನಡುವೆ ಲಿಂಕೇ ಇಲ್ಲ. ಆಗ 1 ಎರಡು ಸಲ ಬರುತ್ತದೆ. ಸ್ಟೆಡಿ ಸ್ಟೇಟ್ ಒಂದಲ್ಲ, ಬೇಕಾದಷ್ಟು. `argmin` ಅವುಗಳಲ್ಲಿ ಯಾವುದೋ ಒಂದನ್ನು ಎತ್ತಿ ಕೊಡುತ್ತದೆ, ಅದನ್ನು ನಂಬುವಂತಿಲ್ಲ. ಅದಕ್ಕೇ ಕೋಡ್‌ನಲ್ಲಿ ಎಲ್ಲ ಐಗನ್‌ವ್ಯಾಲ್ಯೂಗಳ ಗಾತ್ರ ಪ್ರಿಂಟ್ ಮಾಡಿದ್ದು. ಗಾತ್ರ 1 ಇರುವುದು ಒಂದೇ ಒಂದು ಇದ್ದರೆ ನಿಶ್ಚಿಂತೆ. ಎರಡು ಕಂಡರೆ ನಿಂತು ನೋಡಿ.

1998ರಲ್ಲಿ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಪ್ರಕಟಿಸಿದ, ವೆಬ್ ಪುಟಗಳ ಮಹತ್ವ ಅಳೆಯುವ ಪೇಜ್‌ರ‍್ಯಾಂಕ್ ಇವೆರಡನ್ನೂ ಒಂದೇ ಉಪಾಯದಿಂದ ದಾಟುತ್ತದೆ. ಓದುಗ 0.85 ಸಾಧ್ಯತೆಯಲ್ಲಿ ಪುಟದಲ್ಲಿರುವ ಲಿಂಕ್ ಒತ್ತುತ್ತಾನೆ, ಉಳಿದ 0.15ರಲ್ಲಿ ಬೇಜಾರಾಗಿ ಎಲ್ಲಿಗಾದರೂ ಜಿಗಿಯುತ್ತಾನೆ. ಇಷ್ಟು ಮಾಡಿದರೆ ಎಲ್ಲ ಪುಟಕ್ಕೂ ದಾರಿ ಆಗುತ್ತದೆ, ಕುಣಿತವೂ ನಿಲ್ಲುತ್ತದೆ. ಎರಡನೇ ಐಗನ್‌ವ್ಯಾಲ್ಯೂನ ಗಾತ್ರ 0.85 ದಾಟುವುದಿಲ್ಲ. ಇಡೀ ವೆಬ್‌ನಷ್ಟು ದೊಡ್ಡ ಮ್ಯಾಟ್ರಿಕ್ಸ್‌ಗೆ ಯಾರೂ `eig` ಬಳಸುವುದಿಲ್ಲ. ಎರಡನೇ ಹೆಜ್ಜೆಯ ಹಾಗೆ ಗುಣಿಸುತ್ತಾ ಹೋಗುವುದೇ ದಾರಿ, ಮತ್ತು ಅದು ಬೇಗ ಮುಗಿಯುವುದು ಈ 0.85ರ ದಯೆಯಿಂದ.

ನಿಮ್ಮದೇ ದಾಖಲೆ ಇದ್ದರೆ

ಈಗ ಮಾರ್ಕೋವ್ ಎಣಿಕೆಯ ವಿಷಯ. ನಿಮ್ಮ ಹತ್ತಿರ ದಿನದಿನದ ಹವಾಮಾನದ ದಾಖಲೆ ಇದೆ ಎನ್ನಿ. ಬಿಸಿಲಿನಿಂದ ಮೋಡಕ್ಕೆ ಎಷ್ಟು ಸಲ, ಮೋಡದಿಂದ ಮಳೆಗೆ ಎಷ್ಟು ಸಲ ಎಂದು ಎಣಿಸಿ, ಪ್ರತಿ ಅಡ್ಡಸಾಲನ್ನು ಅದರ ಮೊತ್ತದಿಂದ ಭಾಗಿಸಿ `P` ಮಾಡುತ್ತೀರಿ. ಆಮೇಲೆ `π` ತೆಗೆದು ದಾಖಲೆಯಲ್ಲಿರುವ ಮಳೆ ದಿನಗಳ ಪಾಲಿನ ಜೊತೆ ಹೋಲಿಸುತ್ತೀರಿ. ಎರಡೂ ತಾಳೆಯಾಗುತ್ತವೆ. ಮಾಡೆಲ್ ಸರಿಯಿದೆ ಎಂದು ಅನ್ನಿಸುತ್ತದೆ.

ಆದರೆ ಅದರಿಂದ ಏನೂ ಸಾಬೀತಾಗಲಿಲ್ಲ. ದಾಖಲೆಯಲ್ಲಿ ಮಳೆಯೊಳಗೆ ಎಷ್ಟು ಸಲ ಬಂದಿರೋ ಅಷ್ಟೇ ಸಲ ಹೊರಗೆ ಹೋಗಿರಲೇಬೇಕು. ಮೊದಲ ಮತ್ತು ಕೊನೆಯ ದಿನದಿಂದ ಒಂದು ಹೆಚ್ಚು ಕಡಿಮೆ ಆಗಬಹುದು, ಅಷ್ಟೇ. ಹಾಗಾಗಿ ದಾಖಲೆಯ ಪಾಲುಗಳು ತಾವಾಗಿಯೇ `πP = π`ಯನ್ನು ಪಾಲಿಸುತ್ತವೆ, ಹವಾಮಾನಕ್ಕೆ ನಿಜಕ್ಕೂ ನೆನಪು ಇರಲಿ, ಬಿಡಲಿ. ಆ 0.432 ಹಾಗೆ ಕೂಡಿಬಂದಿದ್ದು ಇದರಿಂದಲೇ. ಪೂರ್ತಿ ದಾಖಲೆ ಕೈಯಲ್ಲಿದ್ದರೆ, ಬರೀ ಪಾಲು ತಿಳಿಯಲು ಐಗನ್‌ವೆಕ್ಟರ್ ಬೇಕಾಗೇ ಇಲ್ಲ, ಎಣಿಸಿದರೆ ಸಾಕು.

ಅದು ನಿಜಕ್ಕೂ ಬೇಕಾಗುವುದು 'ಹೀಗಾದರೆ?' ಎಂದು ಕೇಳುವಾಗ. ಮಳೆ ಇನ್ನಷ್ಟು ಹಟ ಹಿಡಿದರೆ, ಅಂದರೆ ಕೊನೆಯ ಅಡ್ಡಸಾಲು `(0.1, 0.4, 0.5)` ಆದರೆ? ಅದೇ ಲೆಕ್ಕ ಮಾಡಿದರೆ ಅನುಪಾತ `9 : 7 : 6`. ಮಳೆಯ ಪಾಲು 0.231ರಿಂದ 0.273ಕ್ಕೆ ಏರುತ್ತದೆ. ಇದು ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಮಾಡೆಲನ್ನು ಪರೀಕ್ಷಿಸಬೇಕಾದರೆ ಎರಡು ದಿನದ ಜಿಗಿತ ನೋಡಿ. `P @ P` ಮಾಡಿದರೆ ಮೊದಲ ಅಡ್ಡಸಾಲು `(0.57, 0.26, 0.17)`. ಅಂದರೆ ಬಿಸಿಲಿನ ದಿನದ ನಾಡಿದ್ದು ಮತ್ತೆ ಬಿಸಿಲಿರುವುದು 57%. ನಡುವಿನ ದಿನ ಬಿಟ್ಟು ಇದನ್ನೇ ದಾಖಲೆಯಲ್ಲಿ ಎಣಿಸಿ. ಎಣಿಕೆ 57ರ ಬದಲು 65 ಬಂದರೆ, ಮತ್ತು ದಾಖಲೆಯಲ್ಲಿ ಸಾವಿರಾರು ದಿನಗಳಿದ್ದರೆ, ಒಂದು ದಿನದ ನೆನಪು ಸಾಲುತ್ತಿಲ್ಲ ಎಂದರ್ಥ. ಎಷ್ಟೋ ಸಲ ಕಾರಣ ಋತು: ಬೇಸಿಗೆಯ ಮ್ಯಾಟ್ರಿಕ್ಸೂ ಮಳೆಗಾಲದ ಮ್ಯಾಟ್ರಿಕ್ಸೂ ಒಂದರಲ್ಲೇ ಕಲಸಿಹೋಗಿರುತ್ತವೆ. ಆಗ ಋತುವಿಗೊಂದು `P` ಮಾಡಿ, ಇದೇ ಪರೀಕ್ಷೆಯನ್ನು ಒಂದೊಂದರ ಮೇಲೂ ಮತ್ತೆ ಮಾಡಿ.